ರಿವರ್ಸ್ ಡಯೆಟಿಂಗ್ ಅಂದರೆ ಏನು?

"ನನ್ನ ಮೆಟಬಾಲಿಸಂ ಹಾಳಾಗಿದೆ, ಎಷ್ಟು ಕಮ್ಮಿ ತಿಂದರೂ ತೂಕ ಇಳೀತಿಲ್ಲ." ತಿಂಗಳುಗಟ್ಟಲೆ ಡಯೆಟ್ ಮಾಡಿದವರು ಈ ಮಾತು ಹೇಳೇ ಹೇಳುತ್ತಾರೆ. ಹಾಳಾಗಿರುವುದಿಲ್ಲ. ಮೈಯ ಖರ್ಚು ಇಳಿದಿರುತ್ತದೆ, ಅಷ್ಟೆ.

ಲೆಕ್ಕಕ್ಕೆ 74 ಕೆಜಿ ಇದ್ದ ಒಬ್ಬ ಹೆಂಗಸನ್ನು ತಗೊಳ್ಳೋಣ. ದಿನಕ್ಕೆ 2000 ಕ್ಯಾಲರಿ ತಿಂದರೆ ಅವರ ತೂಕ ಹಾಗೇ ಇರುತ್ತಿತ್ತು. ಊಟವನ್ನು 1400ಕ್ಕೆ ಇಳಿಸಿದರು, ಏಳೆಂಟು ತಿಂಗಳಲ್ಲಿ 64ಕ್ಕೆ ಬಂದರು, ಆಮೇಲೆ ಮುಳ್ಳು ಅಲ್ಲಾಡಲಿಲ್ಲ. ಏನಾಯಿತು? 10 ಕೆಜಿ ಹಗುರಾದ ಮೈಗೆ ಸುಮ್ನೆ ಮಲಗಿದ್ದರೂ ಸುಮಾರು 100 ಕ್ಯಾಲರಿ ಕಮ್ಮಿ ಸಾಕು, ನಡೆಯಲು, ಮೆಟ್ಟಿಲು ಹತ್ತಲು ಇನ್ನೊಂದು 80 ಕಮ್ಮಿ. ತಿಂದದ್ದರಲ್ಲಿ ಹತ್ತನೇ ಒಂದು ಪಾಲು ಜೀರ್ಣಕ್ಕೇ ಹೋಗುತ್ತದೆ, ತೂಕ ನಿಂತ ಹೊತ್ತಿಗೆ ಊಟ ನಿಜವಾಗಿ ಕಮ್ಮಿ ಇದ್ದದ್ದು 420 ಅಷ್ಟೇ, ಯಾಕೆ ಅಂತ ಮುಂದೆ ನೋಡೋಣ, ಅಲ್ಲಿ ಸುಮಾರು 40 ಉಳಿಯಿತು. ಕೊಬ್ಬು ಕರಗಿದ ಹಾಗೆ ಕೊಬ್ಬಿನಿಂದಲೇ ಬರುವ ಲೆಪ್ಟಿನ್ ಅನ್ನುವ ಹಾರ್ಮೋನ್ ಇಳಿಯುತ್ತದೆ, ಥೈರಾಯ್ಡ್ ಹಾರ್ಮೋನ್ ಕೂಡ ಸ್ವಲ್ಪ ತಗ್ಗುತ್ತದೆ, ಅದರಿಂದ ಒಂದು 60. ನಿಜವಾದ ಕಳ್ಳ ಬೇರೆ ಇದ್ದಾನೆ. ಹಸಿದವರು ಗೊತ್ತಿಲ್ಲದೆ ಓಡಾಟ ಕಮ್ಮಿ ಮಾಡುತ್ತಾರೆ, ನಿಂತು ಮಾಡುವ ಕೆಲಸವನ್ನು ಕೂತು ಮಾಡುತ್ತಾರೆ, ಕಾಲು ಕುಣಿಸುವುದೂ ನಿಲ್ಲುತ್ತದೆ. ಅಲ್ಲಿ 140 ಹೋಯಿತು ಅನ್ನಿ. ಒಟ್ಟು 420. ಖರ್ಚು ಈಗ 1580.

ಅವರು ತಿನ್ನುವುದು 1400 ತಾನೇ? ಅಲ್ಲ. ಬರೆದಿಡದೆ ಒಗ್ಗರಣೆಗೆ ಬಿದ್ದ ಒಂದು ದೊಡ್ಡ ಚಮಚ ಎಣ್ಣೆಯೇ 120, ಕಾಫಿಯ ಹಾಲು ಸೇರಿದರೆ 180. ತಿಂಗಳು ಕಳೆದಂತೆ ಅಳತೆ ಸಡಿಲ ಆಗುತ್ತೆ, ಅಲ್ವಾ? 1400ಕ್ಕೆ ಈ 180 ಸೇರಿದರೆ 1580, ಲೆಕ್ಕ ಸರಿಹೋಯಿತು.

ರಿವರ್ಸ್ ಡಯೆಟಿಂಗ್ ಅಂದರೆ ಇಲ್ಲಿಂದ ಊಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಮೊದಲು ಎಣ್ಣೆ, ಹಾಲು ಎಲ್ಲ ಅಳೆದು ನಿಜವಾಗಿ ತಿನ್ನುತ್ತಿರುವುದು ಎಷ್ಟು ಅಂತ ತಿಳಿಯಬೇಕು. ಆಮೇಲೆ ಎರಡು ವಾರಕ್ಕೊಮ್ಮೆ 100 ಕ್ಯಾಲರಿ, ಅಂದರೆ ಹೆಚ್ಚು ಕಮ್ಮಿ ಒಂದು ಚಪಾತಿ, ಸೇರಿಸಬೇಕು.

ಮೊದಲ ವಾರದಲ್ಲೇ ಅರ್ಧ ಕೆಜಿಯೋ ಒಂದು ಕೆಜಿಯೋ ಏರಬಹುದು. ಜಾಸ್ತಿ ಜನ ಇಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಅದು ಕೊಬ್ಬಲ್ಲ. ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ಮೈ ಕೂಡಿಡುವ ಸಕ್ಕರೆ, ತುಂಬಿಕೊಳ್ಳುವಾಗ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಹಾಗಾಗಿ ದಿನದ ತೂಕ ಬಿಟ್ಟು ವಾರದ ಸರಾಸರಿ ನೋಡಿ. ಅದು ಮೂರು ವಾರ ಬಿಡದೆ ಏರುತ್ತಿದ್ದರೆ ಒಂದು ಮೆಟ್ಟಿಲು ಇಳಿಯಿರಿ.

ಊಟ ಹೆಚ್ಚಿದಂತೆ ಜೀರ್ಣದ ಖರ್ಚು, ಓಡಾಟ, ಹಾರ್ಮೋನು ಬಹುಪಾಲು ವಾಪಸ್ ಬರುತ್ತವೆ. ಮೈಯೇ ಹಗುರಾಗಿ ಉಳಿದ 100 ಮತ್ತು 80, ಒಟ್ಟು 180 ಮಾತ್ರ ಬರುವುದಿಲ್ಲ. ನಿಧಾನವಾಗಿ ಏರಿಸಿದರೆ ಮೆಟಬಾಲಿಸಂ ಮೊದಲಿಗಿಂತ ಜೋರಾಗುತ್ತದೆ ಅನ್ನುವ ಜಿಮ್ ಮಾತಿಗೆ ಗಟ್ಟಿ ಆಧಾರ ಇಲ್ಲ. ನಿಧಾನದ ಲಾಭ ಇಷ್ಟೇ: ಡಯೆಟ್ ಮುಗಿದ ದಿನವೇ ತಟ್ಟೆಗೆ ಮುಗಿಬೀಳುವುದು ತಪ್ಪುತ್ತದೆ. ನಮ್ಮ ಹೆಂಗಸು ಒಂದೂವರೆ ತಿಂಗಳಲ್ಲಿ 1800ರ ಹತ್ತಿರ ನಿಲ್ಲುತ್ತಾರೆ, ಹಳೆಯ ಊಟಕ್ಕಿಂತ ಎರಡು ಚಪಾತಿ ಕಮ್ಮಿ.