ಕಾರಿನೊಳಗಿನ ಸಿಮ್‌ಗೆ ಚಂದಾ ಕಟ್ಟಬೇಕಾ?

ಶಿರಸಿಯ ನಮ್ಮ ಭಾವನ ಕಾರಿಗೆ ಮೂರು ವರ್ಷ ತುಂಬಿದ ವಾರವೇ ಫೋನಿನ ಆ್ಯಪ್‌ನಲ್ಲಿ ಕಾರು ಕಾಣುವುದು ನಿಂತಿತು. ಕೆಟ್ಟಿದ್ದೇನೂ ಇಲ್ಲ, ಕಾರಿನೊಳಗಿನ ಸಿಮ್‌ನ ಪುಕ್ಕಟೆ ಚಂದಾ ಮುಗಿದಿತ್ತು.

ಇದು ಹಳೆಯ ಕತೆ. ಅಮೆರಿಕದಲ್ಲಿ 1996ರಲ್ಲೇ ಆನ್‌ಸ್ಟಾರ್ ಅಂತ ಕಾರಿನೊಳಗೆ ಫೋನ್ ಸಂಪರ್ಕ ಬಂತು. 2008ರಲ್ಲಿ ಅಲ್ಲಿನ ಅನಲಾಗ್ ನೆಟ್‌ವರ್ಕ್ ಮುಚ್ಚಿದಾಗ, ಅದನ್ನೇ ನಂಬಿದ್ದ ಹಳೆಯ ಕಾರುಗಳ ಸೇವೆ ನಿಂತುಹೋಯಿತು. 2022ರಲ್ಲಿ 3ಜಿ ಮುಚ್ಚಿದಾಗಲೂ ಅದೇ ಆಯಿತು. ಅದೇ ವರ್ಷ ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಲು ತಿಂಗಳ ಶುಲ್ಕ ಕೇಳಿದ್ದೂ ಉಂಟು! ಬಿಸಿ ಮಾಡುವ ತಂತಿ ಮೊದಲೇ ಸೀಟಿನಲ್ಲಿತ್ತು.

ನಮ್ಮಲ್ಲಿ ಇದು ಜೋರಾದದ್ದು 2019ರಲ್ಲಿ, ವೆನ್ಯೂ ಮತ್ತು ಹೆಕ್ಟರ್ ಕಾರುಗಳು ಬಂದಾಗ. ಕಾರಿನೊಳಗೇ ಇ-ಸಿಮ್, ಮೊದಲ ಕೆಲವು ವರ್ಷ ಪುಕ್ಕಟೆ. ಆಮೇಲಿನ ಖರ್ಚಿನ ಮಾತು ಶೋರೂಮಿನಲ್ಲಿ ಯಾಕೋ ಕೊನೆಗೇ ಬರುತ್ತದೆ.

ಭಾವನೂ ನಾನೂ ಕೂತು ಒಂದೊಂದೇ ನೋಡಿದೆವು. ಫೋನಿನಿಂದ ಎಸಿ ಹಾಕುವುದು, ಕಾರು ಎಲ್ಲಿದೆ ಅಂತ ನೋಡುವುದು, ತುರ್ತಿನಲ್ಲಿ ಸಹಾಯಕ್ಕೆ ಕರೆ ಮಾಡುವ ಎಸ್‌ಒಎಸ್ ಬಟನ್, ಇವೆಲ್ಲ ಹೋಗಿದ್ದವು. ರಿವರ್ಸ್ ಕ್ಯಾಮೆರಾ, ಏರ್‌ಬ್ಯಾಗ್, ಎಬಿಎಸ್, ಟೈರಿನ ಗಾಳಿ ತೋರಿಸುವುದು ಹಾಗೇ ಇದ್ದವು, ಅವಕ್ಕೆ ಸಿಮ್ ಬೇಡ. ಫೋನನ್ನು ಕಾರಿನ ಪರದೆಗೆ ಜೋಡಿಸುವ ಆಂಡ್ರಾಯ್ಡ್ ಆಟೋ ಕೂಡ ಇತ್ತು, ಅದು ಓಡುವುದು ನಮ್ಮ ಫೋನಿನ ಡೇಟಾದಲ್ಲಿ. ಹಾಗಾಗಿ ಪ್ರತಿ ಫೀಚರಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಸಿಮ್ ಸತ್ತರೂ ಇದು ನಡೆಯುತ್ತದಾ?

ದಿನಾ ಕುಮಟಾಕ್ಕೆ ಓಡಾಡುವ ಭಾವನಿಗೆ ಎಸ್‌ಒಎಸ್ ಮೇಲೆ ಆಸೆ. ಆದರೆ ಅದು ಕರೆ ಮಾಡುವುದೂ ಮೊಬೈಲ್ ಟವರ್ ಮೂಲಕವೇ. ದೇವಿಮನೆ ಘಾಟಿಯಲ್ಲಿ ಸಿಗ್ನಲ್ ಇಲ್ಲದ ತಿರುವಿನಲ್ಲಿ ಚಂದಾ ಕಟ್ಟಿದ ಬಟನ್ನೂ ಸುಮ್ನೆ ಕೂರುತ್ತದೆ. ಅಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟ ಮ್ಯಾಪ್ ಜಾಸ್ತಿ ಉಪಯೋಗ. ಕಾರವಾರದ ಬಿಸಿಲಲ್ಲಿ ನಿಂತ ಕಾರಿಗೆ ದೂರದಿಂದ ಎಸಿ ಹಾಕುವುದು ಸುಖವೇ, ಇಲ್ಲ ಅನ್ನುವುದಿಲ್ಲ. ಮ್ಯಾನುವಲ್ ಗೇರಿನ ಕಾರಿಗೆ ಆ ಸೌಲಭ್ಯ ಉಂಟಾ ಅಂತ ಮೊದಲು ಕೇಳಿ, ಎಷ್ಟೋ ಕಡೆ ಆಟೋಮ್ಯಾಟಿಕ್‌ಗೆ ಮಾತ್ರ ಕೊಡುತ್ತಾರೆ.

ಅಪ್‌ಡೇಟ್‌ನಲ್ಲೂ ಎರಡು ಬಗೆ. ಪರದೆಯ ಬಣ್ಣ, ಮ್ಯಾಪ್ ಇತ್ಯಾದಿ ತಡವಾದರೂ ನಡೆದೀತು. ಬ್ರೇಕು, ಬ್ಯಾಟರಿ, ಎಂಜಿನ್ ನಿಯಂತ್ರಣದ ದೋಷಕ್ಕೆ ಬರುವ ರೀಕಾಲ್ ಅಪ್‌ಡೇಟ್ ಬಿಡಬಾರದು. ಚಂದಾ ಇಲ್ಲದಿದ್ದರೂ ಅದನ್ನು ಸರ್ವಿಸ್ ಸೆಂಟರಿನಲ್ಲಿ ಹಾಕಿಸಬಹುದು. ಸರ್ವಿಸಿಗೆ ಬಿಟ್ಟಾಗ ಚಾಸಿ ನಂಬರ್ ಕೊಟ್ಟು, ಬಾಕಿ ಏನಾದರೂ ಇದೆಯಾ ಅಂತ ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು. ಹಳೆಯ ಮಾಲೀಕರು ಆ್ಯಪ್‌ನಿಂದ ಕಾರನ್ನು ತೆಗೆಯದಿದ್ದರೆ, ಚಂದಾ ಇರುವಷ್ಟು ದಿನ ನೀವು ಎಲ್ಲಿ ಹೋದಿರಿ ಅಂತ ಅವರ ಫೋನಿನಲ್ಲಿ ಕಾಣಬಹುದು. ದುಡ್ಡು ಕೊಡುವ ಮೊದಲೇ, ಎದುರಿಗೇ ಕೂತು ತೆಗೆಸಿಕೊಳ್ಳಿ.