ಎಲ್ಲ ಪುಟಕ್ಕೂ ಇವತ್ತಿನ ದಿನಾಂಕ ಹಾಕಿದರೆ ಕ್ರಾಲರ್ ಯಾವುದನ್ನು ನಂಬಬೇಕು?

ನಾನು ನೋಡಿಕೊಳ್ಳುವ ಸೈಟುಗಳಲ್ಲಿ ಒಂದು ಸಾಫ್ಟ್‌ವೇರ್ ಕೈಪಿಡಿ ಇದೆ. ಸುಮಾರು 2,400 ಪುಟ. ಒಮ್ಮೆ ಅದರಲ್ಲಿ ಬ್ಯಾಕಪ್ ತೆಗೆಯುವ ವಿಧಾನದ ಒಂದು ಹೆಜ್ಜೆ ತಪ್ಪಾಗಿರುವುದು ಗೊತ್ತಾಯಿತು. ಅವತ್ತೇ ತಿದ್ದಿದೆವು. ಆದರೆ 19 ದಿನ ಕಳೆದರೂ ಗೂಗಲ್‌ನಲ್ಲಿ ಹುಡುಕಿದವರಿಗೆ ಹಳೆಯ ತಪ್ಪು ಸಾಲೇ ಕಾಣುತ್ತಿತ್ತು.

ಸರ್ವರ್ ಲಾಗ್ ತೆಗೆದು ನೋಡಿದೆ. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಕ್ರಾಲರ್ ಗೂಗಲ್‌ಬಾಟ್ ಬರುತ್ತಿರಲಿಲ್ಲ ಅಂತಲ್ಲ. ದಿನಕ್ಕೆ ಸುಮಾರು ಮುನ್ನೂರು ಸಲ ಬರುತ್ತಿತ್ತು. ಬಂದದ್ದು ಮಾತ್ರ ವರ್ಷಗಟ್ಟಲೆ ಯಾರೂ ಮುಟ್ಟದ ಪುಟಗಳಿಗೆ. ತಿದ್ದಿದ ಪುಟದ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ. ಹಾಗಾದರೆ ಯಾವ ಪುಟ ಬದಲಾಗಿದೆ ಅಂತ ನಾವು ಅದಕ್ಕೆ ಹೇಳುತ್ತಿರುವುದಾದರೂ ಏನು? ಸೈಟಿನ ಪುಟಗಳನ್ನು ಕ್ರಾಲರ್‌ಗೆ ಪಟ್ಟಿ ಮಾಡಿ ಕೊಡುವ ಸೈಟ್‌ಮ್ಯಾಪ್‌ನಲ್ಲಿ, ಪುಟ ಕೊನೆಯದಾಗಿ ಬದಲಾದ ದಿನ ಹೇಳುವ `lastmod` ದಿನಾಂಕಗಳನ್ನು ಎಣಿಸಿದೆ:

```
curl -s https://example.com/sitemap.xml \
 | grep -o '<lastmod>[^<]*' | cut -c10-19 | sort | uniq -c
```

ಉತ್ತರ ಒಂದೇ ಸಾಲು:

```
   2412 2024-03-11
```

ಅಂದರೆ 2,412 ಪುಟಗಳೂ ಅದೇ ದಿನ ಬದಲಾಗಿವೆಯಂತೆ. ಮರುದಿನ ನೋಡಿದರೆ ಎಲ್ಲವೂ ಮರುದಿನದ ದಿನಾಂಕಕ್ಕೆ ಜಿಗಿದಿದ್ದವು. ರಾತ್ರಿ ಸೈಟ್ ಬಿಲ್ಡ್ ಆಗುವಾಗ ಆ ಹೊತ್ತಿನ ಸಮಯವನ್ನೇ ಎಲ್ಲದಕ್ಕೂ ಅಂಟಿಸಲಾಗುತ್ತಿತ್ತು.

`lastmod` ಬಗ್ಗೆ ಗೂಗಲ್ ಹೇಳಿರುವುದು ಸರಳವಾಗಿದೆ. ಈ ದಿನಾಂಕ ಸತತವಾಗಿ ಸರಿ ಇದ್ದರೆ, ಪುಟವನ್ನು ನೋಡಿದಾಗ ಅದಕ್ಕೆ ತಾಳೆಯಾದರೆ ಮಾತ್ರ ಬಳಸುತ್ತೇವೆ ಅನ್ನುತ್ತದೆ. ಬಾಟ್ ಬಂದು ನೋಡಿದಾಗಲೆಲ್ಲ ಏನೂ ಬದಲಾಗಿಲ್ಲ ಅಂತಾದರೆ, ಆ ಸೈಟಿನ ದಿನಾಂಕಗಳನ್ನು ಅದು ಬದಿಗಿಡುತ್ತದೆ. ಆಮೇಲೆ ಹಳೆಯ ಅನುಭವದ ಮೇಲೆ ಊಹೆ ಮಾಡಿಕೊಂಡೇ ಬರಬೇಕಲ್ವಾ? ಹೀಗಾಗಿ ನಾವು ನಿಜವಾಗಿ ತಿದ್ದಿದ ಒಂದು ಪುಟಕ್ಕೂ ಬೆಲೆ ಸಿಗಲಿಲ್ಲ. ಅದೇ ಸೈಟ್‌ಮ್ಯಾಪ್‌ನಲ್ಲಿ `changefreq` ಮತ್ತು `priority` ಕೂಡ ಇದ್ದವು. ಅವೆರಡನ್ನೂ ಗೂಗಲ್ ನೋಡುವುದೇ ಇಲ್ಲ. ಸುಮ್ನೆ ತೆಗೆದುಹಾಕಿದೆ.

ದಿನಾಂಕ ಸರಿಮಾಡುವುದು ಸುಲಭ ಅಂದುಕೊಂಡಿದ್ದೆ. ಪುಟಗಳೆಲ್ಲ ಗಿಟ್‌ನಲ್ಲೇ ಇವೆ. ಪ್ರತಿ ಫೈಲಿನ ಕೊನೆಯ ಕಮಿಟ್ ಯಾವಾಗ ಅಂತ ಕೇಳಿದರಾಯಿತು:

```
git log -1 --format=%cI -- docs/backup.md
```

ಸಮಯವಲಯದ ಸಮೇತ, ಸೈಟ್‌ಮ್ಯಾಪ್‌ಗೆ ಬೇಕಾದ ರೂಪದಲ್ಲೇ ಉತ್ತರ ಬರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಚೆನ್ನಾಗಿತ್ತು. ಬಿಲ್ಡ್ ಯಂತ್ರದಲ್ಲಿ ಓಡಿಸಿದರೆ ಮತ್ತೆ ಅದೇ ಒಂದೇ ದಿನಾಂಕ! ಅರ್ಧ ದಿನ ಹಾಳಾದ ಮೇಲೆ ಕಾರಣ ಸಿಕ್ಕಿತು. ಬಿಲ್ಡ್ ಯಂತ್ರ ಸಮಯ ಉಳಿಸಲು ಕೊನೆಯ ಒಂದೇ ಒಂದು ಕಮಿಟ್ ಇಳಿಸಿಕೊಳ್ಳುತ್ತಿತ್ತು. ಹಿಂದಿನ ಇತಿಹಾಸ ಇಲ್ಲದಿದ್ದಾಗ ಎಲ್ಲ ಫೈಲುಗಳೂ ಆ ಒಂದು ಕಮಿಟ್‌ನಲ್ಲೇ ಹುಟ್ಟಿದವು ಅಂತ ಗಿಟ್ ತಿಳಿಯುತ್ತದೆ. ಗಿಟ್‌ಹಬ್ ಆಕ್ಷನ್ಸ್‌ನ `actions/checkout` ಕೂಡ ಬೇರೆ ಹೇಳದಿದ್ದರೆ ಹೀಗೇ ಮಾಡುತ್ತದೆ. `fetch-depth: 0` ಅಂತ ಬರೆದರೆ ಪೂರ್ತಿ ಇತಿಹಾಸ ಬರುತ್ತದೆ. ಫೈಲ್ ಸಿಸ್ಟಮ್ ತೋರಿಸುವ ಸಮಯವನ್ನಂತೂ ನಂಬಲೇಬೇಡಿ. ಅದು ಫೈಲನ್ನು ಆ ಯಂತ್ರಕ್ಕೆ ಇಳಿಸಿಕೊಂಡ ಸಮಯ, ಯಾರೋ ತಿದ್ದಿದ ಸಮಯ ಅಲ್ಲ.

ಇಷ್ಟಾದ ಮೇಲೆ ದಿನಾಂಕಗಳು ಹರಡಿಕೊಂಡವು. ಆದರೂ ಒಂದೇ ದಿನಕ್ಕೆ 1,900 ಪುಟ ಗುಡ್ಡೆ ಬಿದ್ದಿದ್ದವು. ಅವತ್ತು ನಮ್ಮವರೊಬ್ಬರು ಸ್ಕ್ರಿಪ್ಟ್ ಓಡಿಸಿ ಎಲ್ಲ ಫೈಲುಗಳ ಖಾಲಿ ಸಾಲುಗಳನ್ನು ಓರಣ ಮಾಡಿದ್ದರು. ಗಿಟ್ ಲೆಕ್ಕದಲ್ಲಿ ಅದು ಬದಲಾವಣೆ. ಓದುಗರ ಲೆಕ್ಕದಲ್ಲಿ ಏನೂ ಇಲ್ಲ. ಕ್ರಾಲರ್ ಕಡೆಯಿಂದಲೂ ಮುಖ್ಯ ವಿಷಯ, ಸ್ಟ್ರಕ್ಚರ್ಡ್ ಡೇಟಾ ಅಥವಾ ಕೊಂಡಿಗಳು ಬದಲಾದರೆ ಅದು ಗಣನೀಯ. ಅಡಿಯಲ್ಲಿರುವ ಕಾಪಿರೈಟ್ ವರ್ಷ ಬದಲಾದರೆ ಅಲ್ಲ.

ಕೊನೆಗೆ ಕಮಿಟ್ ದಿನಾಂಕವನ್ನು ಬಿಟ್ಟು, ವಿಷಯವನ್ನೇ ಅಳೆಯುವ ದಾರಿ ಹಿಡಿದೆ. ಬಿಲ್ಡ್ ಆದ ಪುಟದಿಂದ ಶೀರ್ಷಿಕೆ, ಮುಖ್ಯ ಪಠ್ಯ ಮತ್ತು ಅದರೊಳಗಿನ ಕೊಂಡಿಗಳನ್ನು ಮಾತ್ರ ತೆಗೆದು, ಖಾಲಿ ಜಾಗಗಳನ್ನು ಒಂದೇ ಸಮ ಮಾಡಿ, ಅದರ ಹ್ಯಾಶ್, ಅಂದರೆ ಪಠ್ಯ ಚೂರು ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆ, ಲೆಕ್ಕ ಹಾಕುತ್ತೇವೆ. ಹ್ಯಾಶ್ ಮತ್ತು ದಿನಾಂಕ ಎರಡನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳುತ್ತೇವೆ. ಮುಂದಿನ ಬಿಲ್ಡ್‌ನಲ್ಲಿ ಹ್ಯಾಶ್ ಅದೇ ಬಂದರೆ ಹಳೆಯ ದಿನಾಂಕವೇ ಉಳಿಯುತ್ತದೆ. ಬೇರೆ ಬಂದರೆ ಮಾತ್ರ ಹೊಸದು. ಪೂರ್ತಿ ಎಚ್‌ಟಿಎಮ್‌ಎಲ್‌ಗೆ ಹ್ಯಾಶ್ ಹಾಕುವ ತಪ್ಪು ಮಾಡಬೇಡಿ. ನಾನು ಮೊದಲು ಅದನ್ನೇ ಮಾಡಿದ್ದೆ. `app.3f9c.css` ತರಹದ ಹೆಸರು ಬಿಲ್ಡ್ ಬದಲಾದಾಗ ಬದಲಾಗುತ್ತದೆ, ಅದರ ಜೊತೆ ಎಲ್ಲ ಪುಟಗಳ ಹ್ಯಾಶೂ ಬದಲಾಗುತ್ತದೆ. ಸೈಡಿನಲ್ಲಿ ಬರುವ 'ಇದನ್ನೂ ಓದಿ' ಪಟ್ಟಿಯದೂ ಇದೇ ಕಥೆ.

ಗುಡ್ಡೆ ಬಿದ್ದಿದ್ದ 1,900 ಪುಟಗಳಿಗೆ ಆ ಕಮಿಟ್‌ಗಿಂತ ಹಿಂದಿನ ಕಮಿಟ್‌ನ ದಿನಾಂಕ ಕೊಟ್ಟೆವು. ಇತಿಹಾಸವೇ ಸಿಗದ ಕೆಲವಕ್ಕೆ `lastmod` ಹಾಕಲೇ ಇಲ್ಲ. ಅದು ಕಡ್ಡಾಯ ಅಲ್ಲ. ಸುಳ್ಳು ಬರೆಯುವುದಕ್ಕಿಂತ ಖಾಲಿ ಬಿಡುವುದು ವಾಸಿ.

ಇನ್ನೊಂದು ಸಣ್ಣ ಕೆಲಸ ಬಾಕಿಯಿತ್ತು. ಪುಟದ ಮೇಲೆ ಕಾಣುವ 'ಕೊನೆಯ ಬದಲಾವಣೆ', ಸ್ಟ್ರಕ್ಚರ್ಡ್ ಡೇಟಾದ `dateModified`, ಸೈಟ್‌ಮ್ಯಾಪ್‌ನ `lastmod` ಮೂರೂ ಮೂರು ಕಡೆಯಿಂದ ಬರುತ್ತಿದ್ದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಈಗ ಮೂರಕ್ಕೂ ಮೂಲ ಆ ಹ್ಯಾಶ್ ಫೈಲೇ. ಸರ್ವರ್ ಕಳಿಸುವ `Last-Modified` ಹೆಡರ್ ಮಾತ್ರ ಬೇರೆ. ಅದು ಇಡೀ ಫೈಲಿಗೆ ಸೇರಿದ್ದು, ಸಿಎಸ್‌ಎಸ್ ಹೆಸರು ಬದಲಾದರೂ ಅದು ಬದಲಾಗಬೇಕು. ಇದನ್ನು ಹ್ಯಾಶ್ ದಿನಾಂಕಕ್ಕೆ ಕಟ್ಟಿಹಾಕಿದರೆ, ಓದುಗರ ಬ್ರೌಸರಿಗೆ 'ಏನೂ ಬದಲಾಗಿಲ್ಲ' ಅಂತ 304 ಉತ್ತರ ಹೋಗಿ ಹಳೆಯ ಪುಟವೇ ಉಳಿದುಬಿಡಬಹುದು.

ಫಲ ತಕ್ಷಣ ಕಾಣಲಿಲ್ಲ. ಮೊದಲ ಮೂರ್ನಾಲ್ಕು ವಾರ ಲಾಗ್ ಮೊದಲಿನ ಹಾಗೇ ಇತ್ತು. ಒಮ್ಮೆ ಕಳೆದುಕೊಂಡ ನಂಬಿಕೆ ಒಂದೇ ದಿನದಲ್ಲಿ ಬರುವುದಿಲ್ಲ. ಆಮೇಲೆ, ತಿದ್ದಿದ ಪುಟಗಳಿಗೆ ಗೂಗಲ್‌ಬಾಟ್ ಎರಡು ಮೂರು ದಿನದಲ್ಲಿ ಬರತೊಡಗಿತು. ದಿನದ ಒಟ್ಟು ಭೇಟಿ ಜಾಸ್ತಿಯೇನೂ ಆಗಲಿಲ್ಲ. ಅದೇ ಮುನ್ನೂರರ ಆಸುಪಾಸು, ಹೋಗುವ ಜಾಗ ಮಾತ್ರ ಬದಲಾಯಿತು. ಯಾರೂ ಓದದ, ಎಲ್ಲಿಂದಲೂ ಕೊಂಡಿ ಇಲ್ಲದ ಕೆಲವು ಪುಟಗಳಿಗೆ ದಿನಾಂಕ ಎಷ್ಟೇ ಸರಿಯಿದ್ದರೂ ತಿಂಗಳಾದರೂ ಬರಲಿಲ್ಲ. ಈ ದಿನಾಂಕ ಒಂದು ಸೂಚನೆ ಅಷ್ಟೇ, ಆಜ್ಞೆ ಅಲ್ಲ. ಇದರಿಂದ ಹುಡುಕಾಟದಲ್ಲಿ ಮೇಲೆ ಬರುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಬಿಲ್ಡ್ ಮುಗಿಯುವಾಗ ಮೇಲಿನ ಎಣಿಕೆ ತಾನಾಗಿಯೇ ಓಡುತ್ತದೆ. ನೂರರಲ್ಲಿ ಐದಕ್ಕಿಂತ ಜಾಸ್ತಿ ಪುಟಗಳಿಗೆ ಇವತ್ತಿನ ದಿನಾಂಕ ಬಿದ್ದರೆ ಬಿಲ್ಡ್ ನಿಲ್ಲುತ್ತದೆ. ಕಳೆದ ತಿಂಗಳು ಒಮ್ಮೆ ನಿಂತಿತು. ಹೊಸಬರೊಬ್ಬರು 'ಈ ಪುಟ ಉಪಯೋಗವಾಯಿತೇ?' ಅನ್ನುವ ಸಾಲನ್ನು ಮುಖ್ಯ ಪಠ್ಯದ ಒಳಗೇ ಸೇರಿಸಿದ್ದರು. ಅದನ್ನು ಹೊರಗೆ ಸರಿಸಿದ ಮೇಲೆ ಎಣಿಕೆ 2,400ರಿಂದ 7ಕ್ಕೆ ಇಳಿಯಿತು. ಅವತ್ತು ನಿಜವಾಗಿ ತಿದ್ದಿದ್ದೂ ಏಳೇ ಪುಟ.