ಹಲಸೂರು ಗೇಟ್ ಹಲಸೂರಿನಲ್ಲಿ ಯಾಕಿಲ್ಲ?

ಓದುಗರ ಪ್ರಶ್ನೆ: ಹಲಸೂರು ಗೇಟ್ ಪೊಲೀಸ್ ಠಾಣೆ ಇರೋದು ಬೆಂಗಳೂರಿನ ಕಾರ್ಪೊರೇಷನ್ ಹತ್ತಿರ. ಅಲ್ಲಿಂದ ಹಲಸೂರಿಗೆ ನಾಲ್ಕೈದು ಕಿಲೋಮೀಟರ್ ದೂರ. ಅಲ್ಲಿ ಗೇಟೂ ಕಾಣೋದಿಲ್ಲ, ಹಲಸೂರೂ ಇಲ್ಲ. ಮತ್ತೆ ಆ ಹೆಸರು ಯಾಕೆ ಬಂತು? ಹಳೇ ಬಡಾವಣೆಗಳ ಹೆಸರಿಗೆಲ್ಲ ಹೀಗೆ ಏನಾದರೂ ಕಾರಣ ಇರುತ್ತಾ?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಉತ್ತರ ಮಾತ್ರ ಸರಳ. ಕೋಟೆ ಬಾಗಿಲಿಗೆ ಹೆಸರು ಬರುವುದು ಅದು ನಿಂತಿರುವ ಜಾಗದಿಂದಲ್ಲ. ಆ ಬಾಗಿಲಿನಿಂದ ಹೊರಟ ದಾರಿ ಯಾವ ಊರಿಗೆ ಹೋಗುತ್ತದೋ ಆ ಊರಿನಿಂದ. ಹಲಸೂರು ಗೇಟ್ ಅಂದರೆ ಹಲಸೂರಿಗೆ ಹೋಗುವವರು ಊರು ಬಿಟ್ಟು ಹೊರಡುತ್ತಿದ್ದ ಬಾಗಿಲು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಸುತ್ತ ಮಣ್ಣಿನ ಕೋಟೆ ಇತ್ತು. ಕೋಟೆಯ ಆಚೆಗೆ ಕಂದಕ, ಮುಳ್ಳುಬೇಲಿ. ಒಳಗೆ ಎರಡು ಮುಖ್ಯ ಬೀದಿಗಳು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ದೊಡ್ಡಪೇಟೆಯನ್ನೇ ನಾವು ಈಗ ಅವೆನ್ಯೂ ರಸ್ತೆ ಅಂತೀವಿ. ಉತ್ತರದ ಬಾಗಿಲಿಗೆ ಯಲಹಂಕದ ಹೆಸರು, ದಕ್ಷಿಣದ್ದಕ್ಕೆ ಆನೇಕಲ್ಲಿನದು, ಪಶ್ಚಿಮದ್ದಕ್ಕೆ ಸೊಂಡೆಕೊಪ್ಪದ್ದು, ಪೂರ್ವದ್ದಕ್ಕೆ ಹಲಸೂರಿನದು. ನಾಲ್ಕೂ ಹೊರಗಿನ ಊರುಗಳ ಹೆಸರೇ. ಆಗ ಹಲಸೂರು ಬೇರೆಯೇ ಹಳ್ಳಿ. ಪೇಟೆಗೂ ಅದಕ್ಕೂ ನಡುವೆ ಕೆರೆ, ತೋಟ, ಬಯಲು.

ಈ ರೂಢಿ ಬೆಂಗಳೂರಿನದಷ್ಟೇ ಅಲ್ಲ. ಹಳೇ ದೆಹಲಿಯಲ್ಲಿ ಲಾಹೋರಿ ಗೇಟ್ ಇದೆ, ಲಾಹೋರಿನಲ್ಲಿ ದೆಹಲಿ ಗೇಟ್ ಇದೆ. ಒಂದು ದಾರಿಯ ಎರಡು ತುದಿ, ಒಂದೊಂದು ತುದಿಯ ಬಾಗಿಲಿಗೂ ಇನ್ನೊಂದರ ಹೆಸರು. ನಮ್ಮಲ್ಲೂ ಕೃಷ್ಣರಾಜೇಂದ್ರ ರಸ್ತೆಯಲ್ಲಿ ಉಳಿದಿರುವ ಕಲ್ಲುಕೋಟೆಯ ಉತ್ತರದ ಬಾಗಿಲನ್ನು ದೆಹಲಿ ಬಾಗಿಲು ಅಂತಲೇ ಕರೆಯುತ್ತಾರೆ. ಹೀಗಾಗಿ ಬಾಗಿಲುಗಳ ಹೆಸರನ್ನು ಒಟ್ಟಿಗೆ ಇಟ್ಟು ನೋಡಿದರೆ, ಆ ಊರಿನವರಿಗೆ ಯಾವ ಯಾವ ಊರುಗಳ ಜೊತೆ ಓಡಾಟ ಇತ್ತು ಅಂತ ತಿಳಿಯುತ್ತದೆ. ಸೊಂಡೆಕೊಪ್ಪದ ಹೆಸರನ್ನು ಈಗ ಬೆಂಗಳೂರಿನಲ್ಲಿ ಎಷ್ಟು ಜನ ಕೇಳಿದ್ದಾರೆ? ಆದರೆ ಪೇಟೆಯ ಪಶ್ಚಿಮದ ದಾರಿಯನ್ನು ಗುರುತಿಸುವುದಕ್ಕೆ ಆ ಹೆಸರೇ ಸಾಕಾಗುತ್ತಿದ್ದ ಕಾಲ ಒಂದಿತ್ತು.

1791ರ ಮಾರ್ಚ್ 7ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಪೇಟೆಯೊಳಕ್ಕೆ ನುಗ್ಗಿದ್ದು ಹಲಸೂರು ಬಾಗಿಲಿನಿಂದಲೇ. ಎರಡು ವಾರ ಕಳೆದು, ಮಾರ್ಚ್ 21ರಂದು, ದಕ್ಷಿಣದ ಕಲ್ಲುಕೋಟೆಯೂ ಬಿತ್ತು. ಮುಂದೆ ಊರು ಬೆಳೆದು ಪೇಟೆಯ ಮಣ್ಣುಗೋಡೆ ಹೋಯಿತು, ಕಂದಕ ಮುಚ್ಚಿತು, ಬಾಗಿಲುಗಳೂ ಹೋದವು. ಠಾಣೆಯ ಬೋರ್ಡಿನ ಮೇಲೆ ಮಾತ್ರ ಬಾಗಿಲಿನ ಹೆಸರು ಉಳಿಯಿತು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಹಳೇ ಹೆಸರುಗಳಿಗೆ ಕಾರಣ ಇರುತ್ತದೆ, ಆದರೆ ಒಂದೊಂದನ್ನೇ ಬಿಡಿಯಾಗಿ ಬಿಡಿಸುತ್ತಾ ಕೂತರೆ ಜಾಸ್ತಿ ಏನೂ ಸಿಗುವುದಿಲ್ಲ. ಅಕ್ಕಿಪೇಟೆಯಲ್ಲಿ ಅಕ್ಕಿ, ರಾಗಿಪೇಟೆಯಲ್ಲಿ ರಾಗಿ, ಕುಂಬಾರಪೇಟೆಯಲ್ಲಿ ಕುಂಬಾರರು, ಗಾಣಿಗರಪೇಟೆಯಲ್ಲಿ ಎಣ್ಣೆ ಗಾಣ ಅಂತ ಯಾರು ಬೇಕಾದರೂ ಹೇಳಬಹುದು. ಕಸುಬು, ಕೆರೆ, ಬಾಗಿಲು ಈ ಮೂರೂ ಹೆಸರುಗಳನ್ನು ಅಕ್ಕಪಕ್ಕ ಇಟ್ಟಾಗಲೇ ಹಳೇ ಊರು ಹೇಗೆ ಬದುಕುತ್ತಿತ್ತು ಅಂತ ಕಾಣುವುದು. ಅದಕ್ಕೆ ಹಲಸೂರು ಗೇಟಿನ ಆಸುಪಾಸನ್ನೇ ನೋಡಿ.

ಗೇಟಿನ ಒಳಗಡೆ, ಹತ್ತಿರದಲ್ಲೇ ಇರುವುದು ತಿಗಳರಪೇಟೆ. ತಿಗಳರು ತೋಟಗಾರಿಕೆಯ ಜನ. ಹೂವು, ತರಕಾರಿ, ಹಣ್ಣು ಬೆಳೆದು ಊರಿಗೆ ಒದಗಿಸುತ್ತಿದ್ದವರು. ಆದರೆ ಪೇಟೆಯೊಳಗೆ ಇಕ್ಕಟ್ಟಾದ ಬೀದಿ, ಒತ್ತೊತ್ತಾದ ಮನೆಗಳು. ಅಲ್ಲಿ ತೋಟ ಎಲ್ಲಿ ಮಾಡೋದು? ಗೇಟಿನಿಂದ ಆಚೆ ಬಂದರೆ ಉತ್ತರ ಸಿಗುತ್ತದೆ. ಅಲ್ಲಿ ಸಂಪಂಗಿ ಕೆರೆ ಇತ್ತು. ಅದರ ಸುತ್ತಮುತ್ತ ತೋಟಗಳಿದ್ದವು, ಕೆರೆಯ ನೀರೇ ಅವುಗಳಿಗೆ ಆಧಾರ. ಮನೆ ಗೋಡೆಯ ಒಳಗೆ, ದುಡಿಮೆ ಗೋಡೆಯ ಹೊರಗೆ, ನಡುವೆ ಒಂದು ಬಾಗಿಲು. ಬೆಳಿಗ್ಗೆ ತೋಟಕ್ಕೆ ಹೋಗುವುದಕ್ಕೆ, ಕೊಯ್ದ ಸೊಪ್ಪು ತರಕಾರಿ ಹೊತ್ತು ಒಳಗೆ ಬರುವುದಕ್ಕೆ ಪೂರ್ವದ ಬಾಗಿಲೇ ಹತ್ತಿರ. ತೋಟದವರ ಪೇಟೆ ಊರಿನ ಈ ಅಂಚಿನಲ್ಲಿ ಇರುವುದು ಸುಮ್ನೆ ಅಲ್ಲ ಅಂತ ನನಗನ್ನಿಸುತ್ತದೆ.

ಇದಕ್ಕೆ ಸಾಕ್ಷಿಯಾಗಿ ನಿಂತಿರುವುದು ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ. ಅದನ್ನು ಹೊರುವವರು ತಿಗಳ ಸಮುದಾಯದವರು. ಆ ಆಚರಣೆಗೆ ಸಂಪಂಗಿ ಕೆರೆಯ ನೀರಿನ ನಂಟು ಇದೆ. ಕೆರೆ ಹೋಗಿ ಅಲ್ಲಿ ಕಂಠೀರವ ಕ್ರೀಡಾಂಗಣ ಬಂದರೂ, ಕರಗದ ವಿಧಿಗಳಿಗಾಗಿ ಒಂದು ಚಿಕ್ಕ ಕೊಳವನ್ನು ಉಳಿಸಿಕೊಂಡಿದ್ದಾರೆ. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದದ್ದು ಅಷ್ಟೇ. ಪಕ್ಕದ ಬಡಾವಣೆ ಸಂಪಂಗಿರಾಮನಗರ ಅನ್ನುವ ಹೆಸರಿನಲ್ಲಿ ಕೆರೆಯ ನೆನಪು ಇಟ್ಟುಕೊಂಡಿದೆ.

ಕೆರೆ ಯಾಕೆ ಹೋಯಿತು? ಒಂದೇ ಕಾರಣ ಅಲ್ಲ. ಆದರೆ ದೊಡ್ಡ ತಿರುವು ಬಂದದ್ದು 1890ರ ದಶಕದಲ್ಲಿ, ಹೆಸರಘಟ್ಟದಿಂದ ಬೆಂಗಳೂರಿಗೆ ಪೈಪಿನಲ್ಲಿ ನೀರು ತರುವ ಕೆಲಸ ನಡೆದಾಗ. ನಲ್ಲಿಯಲ್ಲಿ ನೀರು ಬರುವ ಊರಿಗೆ ಕೆರೆಯ ಮೇಲಿನ ಗಮನ ಕಡಿಮೆಯಾಯಿತು. ಗಮನ ತಪ್ಪಿದ ಕೆರೆ ಹೂಳು ತುಂಬಿ ಬತ್ತುತ್ತದೆ, ಬತ್ತಿದ ಕೆರೆ ಖಾಲಿ ಜಾಗದಂತೆ ಕಾಣುತ್ತದೆ. ಆ ಖಾಲಿ ಜಾಗಕ್ಕೆ ಮೈದಾನವೋ ಬಸ್ ನಿಲ್ದಾಣವೋ ಬರುತ್ತದೆ. ಪೇಟೆಯ ವಾಯವ್ಯಕ್ಕಿದ್ದ ಧರ್ಮಾಂಬುಧಿ ಕೆರೆಯ ಕಥೆಯೂ ಇದೇ. ಮೆಜೆಸ್ಟಿಕ್ ಬಸ್ ನಿಲ್ದಾಣ ಆ ಕೆರೆಯ ಅಂಗಳದಲ್ಲಿದೆ. ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಅನ್ನುವ ಹೆಸರು ಕೆರೆ ಏರಿಯದ್ದು. ನೀರು ಇಲ್ಲದೇ ಹೋದರೂ ಏರಿಯ ಹೆಸರು ಹೋಗಿಲ್ಲ.

ಕಸುಬಿನ ಹೆಸರುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹೆಸರು ಇಟ್ಟ ಕಾಲದ ವ್ಯಾಪಾರವನ್ನು ಹೇಳುತ್ತದೆಯೇ ಹೊರತು ಇವತ್ತಿನದನ್ನಲ್ಲ. ಬಳೇಪೇಟೆಗೆ ಹೋದರೆ ತಬಲ, ಹಾರ್ಮೋನಿಯಂ, ವೀಣೆ ಮಾರುವ ಅಂಗಡಿಗಳ ಸಾಲು ಕಾಣುತ್ತದೆ. ಅರಳೇಪೇಟೆ ಹತ್ತಿಯ ಪೇಟೆಯಾಗಿತ್ತು, ಅದನ್ನೇ ಈಗ ಕಾಟನ್‌ಪೇಟೆ ಅನ್ನುತ್ತೇವೆ. ಕಬ್ಬನ್‌ಪೇಟೆಯಲ್ಲಿ ನೇಕಾರರು ಇದ್ದರೂ ಹೆಸರು ಮಾತ್ರ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್‌ನದು. ಅಂದರೆ ಪೇಟೆ ಅಂತ ಕೊನೆಯಲ್ಲಿ ಇದ್ದ ಮಾತ್ರಕ್ಕೆ ಮುಂದಿನದು ಕಸುಬೇ ಆಗಬೇಕಿಲ್ಲ.

ಗೇಟ್ ಅನ್ನುವ ಹೆಸರೂ ಹೀಗೆಯೇ ದಾರಿ ತಪ್ಪಿಸಬಹುದು. ಹೊಸೂರು ರಸ್ತೆಯಲ್ಲಿ ಕೂಡ್ಲು ಗೇಟ್ ಇದೆ. ಅದನ್ನು ನೋಡಿ ಅಲ್ಲೊಂದು ಕೋಟೆ ಇತ್ತು ಅಂತ ಹುಡುಕಬೇಡಿ. ಕೂಡ್ಲು ಹಳ್ಳಿ ಇರುವುದು ಹೆದ್ದಾರಿಯಿಂದ ಒಳಗೆ, ಅಲ್ಲಿಗೆ ತಿರುಗುವ ಜಾಗಕ್ಕೆ ಕೂಡ್ಲು ಗೇಟ್ ಅನ್ನುತ್ತಾರೆ. ಬಸ್ಸಿನವರು ‘ಇಂಥ ಕ್ರಾಸ್’ ಅನ್ನುವ ಹಾಗೆ ‘ಇಂಥ ಗೇಟ್’ ಅನ್ನುತ್ತಾರೆ. ಕೋಟೆ ಇಲ್ಲದಿದ್ದರೂ ಹೆಸರಿಡುವ ಕ್ರಮ ಹಲಸೂರು ಗೇಟಿನದೇ ನೋಡಿ. ಜಾಗ ಇಲ್ಲಿ, ಹೆಸರು ದಾರಿಯ ಆ ತುದಿಯ ಊರಿನದು.

ಹಾಗಾದರೆ ನಿಮ್ಮ ಬಡಾವಣೆಯ ಹೆಸರನ್ನು ಪರೀಕ್ಷಿಸುವುದು ಹೇಗೆ? ಕೆರೆಯ ಹೆಸರಾದರೆ ಕೆಲಸ ಸುಲಭ, ಯಾಕೆಂದರೆ ನೀರು ನೆಲದಲ್ಲಿ ಗುರುತು ಬಿಟ್ಟಿರುತ್ತದೆ. ಮೊದಲು ಹೆಸರಿನ ಕೊನೆ ನೋಡಿ. ಕೆರೆ, ಕಟ್ಟೆ, ಕುಂಟೆ ಇದ್ದರೆ ಗೊತ್ತಾಗಿಯೇ ಆಗುತ್ತದೆ. ಸಂದ್ರ ಇದ್ದರೂ ಗಮನಿಸಿ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ ಇವೆಲ್ಲ ಸಮುದ್ರ ಅನ್ನುವ ಪದ ಸವೆದು ಆದವು. ದೊಡ್ಡ ಕೆರೆ ಕಟ್ಟಿಸಿದವರು ಅದಕ್ಕೆ ಸಮುದ್ರ ಅಂತ ಹೆಸರಿಡುವುದು ನಮ್ಮ ನಾಡಿನ ಹಳೇ ಪದ್ಧತಿ. ಆಮೇಲೆ ನೆಲ ನೋಡಿ. ಒಂದು ಕಡೆ ರಸ್ತೆ ಎತ್ತರದಲ್ಲಿ ನೀಳವಾಗಿ ಹೋಗುತ್ತಾ ಅದರ ಒಂದು ಮಗ್ಗುಲು ಬಟ್ಟಲಿನಂತೆ ತಗ್ಗಾಗಿದ್ದರೆ ಅದು ಹಳೇ ಏರಿ ಆಗಿರುವ ಸಾಧ್ಯತೆ ಇದೆ. ಜೋರು ಮಳೆ ಬಂದಾಗ ಆ ತಗ್ಗಿನಲ್ಲೇ ನೀರು ನಿಂತರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಕೊನೆಗೆ ದಾಖಲೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕೆರೆಗಳನ್ನು, ಹಳ್ಳಗಳನ್ನು ಗುರುತಿಸಿರುತ್ತಾರೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತಿರುವ ಜಾಗದ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದು ನಕ್ಷೆ ನೋಡಬಹುದು. ನಿವೇಶನ ಕೊಳ್ಳುವವರು ಇದನ್ನು ತಪ್ಪದೇ ಮಾಡಬೇಕು.

ಕಸುಬಿನ ಹೆಸರಿಗೆ ನೆಲದ ಗುರುತು ಇರುವುದಿಲ್ಲ. ಅಲ್ಲಿ ಗುಡಿಗಳನ್ನು ನೋಡಿ. ಕಸುಬು ಬಿಟ್ಟು ಜನ ಬೇರೆ ಕಡೆ ಹೋದರೂ ಕುಲದ ಗುಡಿ, ಅದರ ಜಾತ್ರೆ ಹಳೇ ಜಾಗದಲ್ಲೇ ನಡೆಯುತ್ತಿರುತ್ತದೆ, ತಿಗಳರಪೇಟೆಯಲ್ಲಿ ಆದಂತೆ.

ಹೆಸರಿನ ಸುತ್ತ ಹುಟ್ಟಿದ ಕಥೆಯನ್ನು ಮಾತ್ರ ನೇರವಾಗಿ ನಂಬಬೇಡಿ. ಹೊಯ್ಸಳ ರಾಜ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ನಾವೆಲ್ಲ ಕೇಳಿಕೊಂಡು ಬೆಳೆದಿದ್ದೇವೆ ಅಲ್ವಾ? ಆದರೆ ಬೇಗೂರಿನ ಒಂದು ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತದೆ. ಅದರ ಕಾಲ ಸುಮಾರು 890. ಬಲ್ಲಾಳ ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಊರಿಗೆ ಆ ಹೆಸರು ಇತ್ತು. ಹೆಸರು ಹೇಗೆ ಬಂತು ಅಂತ ಯಾರಾದರೂ ಕಥೆ ಹೇಳಿದರೆ, ಆ ಕಥೆ ನಡೆದ ಕಾಲ ಯಾವುದು, ಹೆಸರು ಬರವಣಿಗೆಯಲ್ಲಿ ಮೊದಲು ಕಾಣುವ ಕಾಲ ಯಾವುದು ಅಂತ ಎರಡನ್ನೂ ಕೇಳಿ. ಕಥೆಯೇ ಹೊಸದಾಗಿದ್ದರೆ ಅದನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು.